ಸಹಾಯ ಬೇಕು: ದತ್ತು ರಜೆಯ ನೋಟಿಸ್ ನಿಯಮ ಹೇಗೆ ಬರೆಯುವುದು?

ನಮಸ್ಕಾರ. ನಮ್ಮ ಕಂಪನಿಯ ರಜೆ ಪಾಲಿಸಿಯನ್ನು ತಿದ್ದಿ ಬರೆಯುತ್ತಿದ್ದೇನೆ. ಹಳೆಯದರಲ್ಲಿ ಅಪ್ಪನಾಗುವವರಿಗೂ ದತ್ತು ತೆಗೆದುಕೊಳ್ಳುವವರಿಗೂ ಒಂದೇ ಸಾಲಿದೆ: "30 ದಿನ ಮೊದಲೇ ನೋಟಿಸ್ ಕೊಡಬೇಕು." ನೋಡಲು ಸಮಾನ, ಆದರೆ ನ್ಯಾಯವಲ್ಲ. ಹೆರಿಗೆಯ ಅಂದಾಜು ದಿನ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ದತ್ತು ಮಗು ಬರುವ ದಿನ ಕೆಲವೊಮ್ಮೆ ಹಿಂದಿನ ವಾರವಷ್ಟೇ ತಿಳಿಯುತ್ತದೆ.

ದಾಖಲೆಯದ್ದೂ ಇದೇ ಕಷ್ಟ. ದತ್ತಿನ ಅಂತಿಮ ಆದೇಶ ಬರುವಷ್ಟರಲ್ಲಿ ಮಗು ಮನೆಗೆ ಬಂದು ತಿಂಗಳುಗಳೇ ಕಳೆದಿರಬಹುದು. ರಜೆ ಬೇಕಿರುವುದು ಮೊದಲ ವಾರಗಳಲ್ಲಿ ಅಲ್ವಾ?

ನಾನು ಬರೆದಿರುವುದು:

"ಮಗು ಹುಟ್ಟುವ ಅಥವಾ ಮನೆಗೆ ಬರುವ ಅಂದಾಜು ದಿನವನ್ನು ಪೋಷಕರು 30 ದಿನ ಮೊದಲು ತಿಳಿಸಬೇಕು. ಅಷ್ಟು ಮೊದಲು ಗೊತ್ತಾಗದಿದ್ದರೆ, ಗೊತ್ತಾದ ಕೂಡಲೇ ತಿಳಿಸಿದರೆ ಸಾಕು. ಆ ಕಾರಣಕ್ಕೆ ರಜೆ ನಿರಾಕರಿಸುವಂತಿಲ್ಲ. ರಜೆ ಶುರುವಾಗಲು ವೈದ್ಯರ ಪತ್ರ ಅಥವಾ ದತ್ತು ಸಂಸ್ಥೆಯ ಪತ್ರ ಸಾಕು. ಜನನ ಪ್ರಮಾಣಪತ್ರ ಅಥವಾ ದತ್ತು ಆದೇಶವನ್ನು ಸಿಕ್ಕ ಮೇಲೆ ಕೊಡಬಹುದು."

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ರಜೆ ಶುರುವಾದ ಮೇಲೆ ದತ್ತು ರದ್ದಾಗಿ ಮಗು ವಾಪಸ್ ಹೋದರೆ? ಮರುದಿನವೇ ಕೆಲಸಕ್ಕೆ ಬನ್ನಿ ಎನ್ನುವುದು ಕ್ರೂರ. ತೆಗೆದುಕೊಂಡ ರಜೆಯ ಸಂಬಳ ವಾಪಸ್ ಕೇಳುವುದೂ ತಪ್ಪು ಅನಿಸುತ್ತದೆ. ಇದಕ್ಕೆ ಸ್ಪಷ್ಟವಾದ ಸಾಲು ಯಾರಾದರೂ ಬರೆದಿದ್ದರೆ ದಯವಿಟ್ಟು ಹಂಚಿಕೊಳ್ಳಿ.