ಅಪ್‌ಡೇಟ್: ಅಣ್ಣನ ಕಿಣ್ವದ ಕ್ಯಾಪ್ಸೂಲ್

ನನ್ನ ಪ್ರಶ್ನೆ: "ಅಣ್ಣನಿಗೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಕಿಣ್ವದ ಕ್ಯಾಪ್ಸೂಲ್ ನುಂಗಿದರೂ ತೂಕ ಇಳಿಯುತ್ತಿದೆ, ಏಕೆ?"

ತಪ್ಪು ಇದ್ದದ್ದು ಸಮಯದಲ್ಲಿ. ಅವನು ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗುತ್ತಿದ್ದ. ಕಿಣ್ವ ಅನ್ನದೊಂದಿಗೆ ಬೆರೆಯುತ್ತಲೇ ಇರಲಿಲ್ಲ. ಎಣ್ಣೆಯಂತೆ ತೇಲುವ, ನೀರು ಹಾಕಿದರೂ ಕಮೋಡಿಗೆ ಅಂಟಿಕೊಳ್ಳುವ ಮಲವೇ ಅದರ ಗುರುತು ಎಂದರು ವೈದ್ಯರು. ಈಗ ಮೊದಲ ತುತ್ತಿನ ಜೊತೆ 25,000 ಯೂನಿಟ್‌ನ ಒಂದು, ಊಟದ ನಡುವೆ ಇನ್ನೊಂದು. ತುಪ್ಪ ಬಿಡಿಸಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿದ್ದಾನೆ.

ಆದರೆ ಆಹಾರ ಮೈಗೆ ಹತ್ತಿದಂತೆ ರಕ್ತದ ಸಕ್ಕರೆಯೂ ಏರಿತು. ವೈದ್ಯರು ಇನ್ಸುಲಿನ್ ಹೆಚ್ಚಿಸಿದರು. ಇನ್ಸುಲಿನ್‌ನಂತೆ ಅದೇ ಗ್ರಂಥಿಯಲ್ಲಿ ತಯಾರಾಗುವ, ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಹಾರ್ಮೋನ್ ಕೂಡ ಇವನಲ್ಲಿ ಕಡಿಮೆ. ಹಾಗಾಗಿ ಊಟ ತಪ್ಪಿದರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ಅವನ ಜೇಬಿನಲ್ಲಿ ಸದಾ ಗ್ಲೂಕೋಸ್ ಪುಡಿ ಇರುತ್ತದೆ. ಬೆನ್ನಿಗೆ ಹಾಯುವ ನೋವು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.