ಮೂಟೆ ಒಟ್ಟಿದ ಹಾಗಿರೋ ಬಂಡೆ

"ದೊಡ್ಡಪ್ಪ, ಹಿರಿಯೂರಲ್ಲಿ ಮದುವೆ ಮುಗಿಸ್ಕೊಂಡು ವಾಪಸ್ ಬರ್ತಾ ಐಮಂಗಲದ ಹತ್ರ ಮರಡಿಹಳ್ಳೀಲಿ ಈ ಬಂಡೆ ನೋಡಿದ್ವಿ. ಅಕ್ಕಿ ಮೂಟೆ ಒಟ್ಟಿದ ಹಾಗಿದೆ. ಮೂರು ಫೋಟೋ ಹಾಕಿದೀನಿ. ಹೊಳೆ ಉರುಳಿಸಿ ಗುಂಡಗೆ ಮಾಡಿದ ಕಲ್ಲಾ ಇದು?"

ಪುಟ್ಟಿ, ಟೈಪ್ ಮಾಡೋಕೆ ಕೂತ್ರೆ ರಾತ್ರಿಯಾಗತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. ಹೊಳೆ ಕಲ್ಲಲ್ಲ ಅದು. ಲಾವಾ. ಅದೂ ನೀರಿನೊಳಗೆ ಉಕ್ಕಿದ ಲಾವಾ. ದಿಂಬಿನ ಆಕಾರ ಇರೋದ್ರಿಂದ ದಿಂಬು ಲಾವಾ ಅಂತಾರೆ.

ಮೊದಲನೇ ಫೋಟೋ ನೋಡು, ಸ್ಕೂಟರ್ ಕೀ ಇಟ್ಟು ತೆಗೆದಿದೀಯಲ್ಲ, ಅಳತೆಗೆ ಏನೋ ಒಂದು ಇಟ್ಟಿದ್ದು ಒಳ್ಳೇದಾಯ್ತು. ಒಂದೊಂದು ದಿಂಬೂ ಪಕ್ಕದ್ದಕ್ಕೆ ಹೊಂದ್ಕೊಂಡು ಕೂತಿದೆ. ಮೇಲಿನದು ಕೆಳಗಿನ ಎರಡರ ನಡುವಿನ ಸಂದಿಗೆ ಜೋತು ಬಿದ್ದಿದೆ. ಗಟ್ಟಿ ಕಲ್ಲು ಹಾಗೆ ಬಾಗತ್ತಾ? ಹೊಳೆ ತಂದು ಹಾಕಿದ್ದಾಗಿದ್ರೆ ಒಂದು ಬಿಳಿ, ಒಂದು ಕೆಂಪು, ಒಂದು ಕರಿ ಅಂತ ಬೆರಕೆ ಇರ್ತಿತ್ತು, ಸಂದೀಲಿ ಮರಳು ತುಂಬಿರ್ತಿತ್ತು. ಇಲ್ಲಿ ಎಲ್ಲಾ ಒಂದೇ ಜಾತಿ. ಅಂದ್ರೆ ಕೂತಾಗ ಇನ್ನೂ ಮೆತ್ತಗಿತ್ತು.

ಹೇಗಾಗತ್ತೆ ಅಂದ್ರೆ, ಸಾವಿರ ಡಿಗ್ರಿಗೂ ಮೇಲೆ ಕಾದ ಲಾವಾ ನೀರಿಗೆ ತಾಗಿದ ತಕ್ಷಣ ಹೊರಗಡೆ ಗಾಜಿನ ಥರ ಸಿಪ್ಪೆ ಕಟ್ಟತ್ತೆ. ಒಳಗಿನ್ನೂ ಪಾಕ. ಹಿಂದಿಂದ ಒತ್ತಡ ಬಂದ ಹಾಗೆ ಸಿಪ್ಪೆ ಒಂದು ಕಡೆ ಸೀಳಿ, ಟೂತ್‌ಪೇಸ್ಟ್ ಹಿಂಡಿದ ಹಾಗೆ ಇನ್ನೊಂದು ಉಂಡೆ ಹೊರಗೆ ಬರತ್ತೆ. ಅದಕ್ಕೂ ಸಿಪ್ಪೆ, ಮತ್ತೆ ಸೀಳು, ಮತ್ತೊಂದು ಉಂಡೆ. 1970ರ ದಶಕದ ಶುರುವಲ್ಲಿ ಹವಾಯಿಯಲ್ಲಿ ಲಾವಾ ಸಮುದ್ರಕ್ಕೆ ಇಳೀತಿದ್ದಾಗ ಮುಳುಗುಗಾರರು ಹತ್ತಿರದಿಂದ ಇದನ್ನ ನೋಡಿ ಚಿತ್ರೀಕರಿಸಿದ್ರು. ನಿಮ್ಮ ಮರಡಿಹಳ್ಳೀದು 250 ಕೋಟಿ ವರ್ಷಕ್ಕೂ ಹಳೇದು. ಈಗ ಹನಿ ನೀರಿಗೆ ಬೋರ್ ಕೊರೆಸೋ ಆ ಬಯಲು ಅವಾಗ ನೀರಿನ ತಳ!

ಎರಡನೇ ಫೋಟೋ ಜೂಮ್ ಮಾಡು. ದಿಂಬಿನ ಅಂಚಿಗೆ ಬೆರಳಗಲದ ಕಡುಹಸಿರು ಪಟ್ಟಿ ಕಾಣತ್ತಾ? ಅದೇ ಹಳೇ ಗಾಜಿನ ಸಿಪ್ಪೆ. ಗಾಜು ಅಷ್ಟು ಕಾಲ ಗಾಜಾಗಿ ಉಳಿಯಲ್ಲ, ಕ್ಲೋರೈಟ್ ಅನ್ನೋ ಹಸಿರು ಖನಿಜ ಆಗಿಬಿಡತ್ತೆ. ಅದರ ಒಳಮಗ್ಗುಲಲ್ಲಿ ಸಾಸಿವೆ ಕಾಳಷ್ಟು ಬಿಳಿ ಚುಕ್ಕೆಗಳಿವೆ. ಅವು ಗಾಳಿಗುಳ್ಳೆಗಳು, ಆಮೇಲೆ ಖನಿಜ ತುಂಬಿಕೊಂಡಿದೆ. ಮಳೆ ನೀರಲ್ಲಿ ನೆಂದಾಗ ಇವೆಲ್ಲ ಇನ್ನೂ ಚೆನ್ನಾಗಿ ಎದ್ದು ಕಾಣತ್ತೆ.

ಗುಂಡಗಿದ್ದಿದ್ದೆಲ್ಲಾ ದಿಂಬು ಅನ್ಕೋಬೇಡ ಮತ್ತೆ. ಕಾಲೇಜಲ್ಲಿದ್ದಾಗ ನಾನೇ ರಸ್ತೆ ಕಡಿದ ಜಾಗದಲ್ಲಿ ಕರೀ ಗುಂಡುಗಳನ್ನ ನೋಡಿ "ದಿಂಬು ಲಾವಾ" ಅಂತ ಬರ್ಕೊಂಡು ಮೇಷ್ಟ್ರ ಮುಂದೆ ಹಿಡಿದಿದ್ದೆ. ಅವರು ಮಾತಾಡದೆ ಸುತ್ತಿಗೆ ಕೊಟ್ರು. ಹೊಡೆದ್ರೆ ಈರುಳ್ಳಿ ಹಾಗೆ ಕಂದು ಪದರ ಉದುರ್ತು, ಒಳಗೆ ನಡುವಿಂದ ಅಂಚಿನವರೆಗೂ ಒಂದೇ ಸಮ ಕಣ. ಡಾಲೆರೈಟ್ ಅದು, ನೆಲದೊಳಗೆ ತಣ್ಣಗಾಗಿ, ಆಮೇಲೆ ಬಿರುಕಿಗೆ ನೀರಿಳಿದು ಮೂಲೆ ಕರಗಿ ಗುಂಡಗಾದದ್ದು. ಚಿತ್ರದುರ್ಗದ ಕೋಟೆಯ ದೊಡ್ಡ ಗುಂಡುಬಂಡೆಗಳೂ ಹೀಗೇ ಸವೆದು ಗುಂಡಗಾದವು. ದಿಂಬಲ್ಲಿ ಬೇರೆ: ನಡುವೆ ಕಣ ಸ್ವಲ್ಪ ದಪ್ಪ, ಅಂಚಿಗೆ ಹೋದ ಹಾಗೆ ನುಣ್ಣಗೆ, ಯಾಕಂದ್ರೆ ಅಂಚು ಮೊದಲು ತಣ್ಣಗಾಗತ್ತೆ. ಈ ಒಂದು ವ್ಯತ್ಯಾಸ ಸಾಕು ನನಗೆ, ಆಕಾರ ನಾನು ಆಮೇಲೆ ನೋಡೋದು.

ಆದ್ರೆ ಸುತ್ತಿಗೆ ಪ್ರಯೋಗ ಮರಡಿಹಳ್ಳೀಲಿ ಮಾತ್ರ ಬೇಡ. 1976ರಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ. ಚಿಂಟು ಜೇಬಲ್ಲಿ ಚೂರು ಹಾಕ್ಕೊಂಡು ಬಂದಿದ್ರೆ ವಾಪಸ್ ಇಡಿಸು.

ರಾಜಣ್ಣ ಆಗಲೇ "ಹಾಗಾದ್ರೆ ಸಮುದ್ರ ಇತ್ತು" ಅಂತ ಹಾಕಿದಾನೆ. ಇರಬಹುದು ಕಣೋ, ಆದ್ರೆ ದಿಂಬು ಹೇಳೋದು ನೀರು ಅಂತ ಮಾತ್ರ. ಕೆರೆಯಲ್ಲೂ ದಿಂಬಾಗತ್ತೆ, ಹಿಮನದಿ ಅಡೀಲೂ ಆಗತ್ತೆ. ಉಪ್ಪುನೀರೋ ಸಿಹಿನೀರೋ ಅನ್ನೋದಕ್ಕೆ ಸುತ್ತಲಿನ ಬೇರೆ ಪದರಗಳನ್ನ ನೋಡ್ಬೇಕು.

ಇನ್ನು ಮೂರನೇ ಫೋಟೋ. ದಿಂಬಿನ ಬೆನ್ನು ಉಬ್ಬಿರತ್ತೆ, ಸಂದಿಗೆ ಇಳಿದ ಬಾಲ ಕೆಳಗಿರತ್ತೆ, ಹಾಗಾಗಿ ಅವತ್ತು ಆಕಾಶ ಯಾವ ಕಡೆ ಇತ್ತು ಅಂತ ಗೊತ್ತಾಗತ್ತೆ. ಇದರಲ್ಲಿ ಬಾಲ ಎಲ್ಲಾ ಎಡಗಡೆಗಿದೆ. ಫೋನ್ ಅಡ್ಡ ಹಿಡಿದು ತೆಗೆದ್ಯಾ, ನೆಟ್ಟಗೆ ಹಿಡಿದಿದ್ಯಾ? ನೆಟ್ಟಗೇ ಹಿಡಿದಿದ್ರೆ ಆ ಪದರ ಆಮೇಲೆ ಮಗ್ಗುಲಾಗಿ ಮಲಗಿದೆ ಅಂತ ಅರ್ಥ. ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆ ಅದನ್ನೂ ಹೇಳು.