ಅಪ್‌ಡೇಟ್: ಕೊನೆಗೂ ಎಲ್ಲ ಪ್ಯಾನೆಲ್‌ನಲ್ಲೂ ಅವನೇ ಕಾಣುತ್ತಿದ್ದಾನೆ

ನಾನು ಕೇಳಿದ್ದು: ಗೆಳೆಯನ ಮದುವೆಗೆ 22 ಪ್ಯಾನೆಲ್ ಕಾಮಿಕ್ ಬಿಡಿಸುತ್ತಿದ್ದೇನೆ, ಪ್ರತಿ ಪ್ಯಾನೆಲ್‌ನಲ್ಲೂ ಅವನ ಮುಖ ಬೇರೆ ಬೇರೆ ಆಗುತ್ತಿದೆ, ಏನು ಮಾಡಲಿ?

ತಪ್ಪು ಕೈಯಲ್ಲಿ ಇರಲಿಲ್ಲ, ಫೋಟೋದಲ್ಲಿತ್ತು. ನಾನು ನೋಡುತ್ತಿದ್ದದ್ದರಲ್ಲಿ ಅರ್ಧ ಸೆಲ್ಫಿಗಳು. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿದು ಚಿಕ್ಕದಾಗುತ್ತದೆ, ಹಾಗಾಗಿ ಒಂದು ಪ್ಯಾನೆಲ್ ಸೆಲ್ಫಿ ನೋಡಿ, ಇನ್ನೊಂದು ಮಾಮೂಲಿ ಫೋಟೋ ನೋಡಿ ಬಿಡಿಸಿದರೆ ಇಬ್ಬರು ಅಣ್ಣತಮ್ಮಂದಿರ ಹಾಗೆ ಕಾಣುವುದು ಸಹಜ ಅಲ್ವಾ?

ಹೊಸ ಫೋಟೋ ಬೇಕು ಅಂದೆ. ಅವನನ್ನು ಕೂರಿಸಿ, ಎರಡು ಮೀಟರ್ ದೂರ ನಿಂತು, ಜೂಮ್ ಮಾಡಿ ತೆಗೆದೆ: ಎದುರಿಂದ, ಮುಕ್ಕಾಲು ತಿರುಗಿ, ಪಕ್ಕದಿಂದ, ತಲೆ ತಗ್ಗಿಸಿ. ಅದರಿಂದ ಒಂದೇ ಹಾಳೆಯಲ್ಲಿ ನಾಲ್ಕು ತಲೆ ಬಿಡಿಸಿ, ಕಣ್ಣಿನ ಅಗಲವನ್ನೇ ಅಳತೆ ಮಾಡಿಕೊಂಡೆ. ಎದುರಿಂದ ನೋಡಿದರೆ ಅವನ ಎರಡು ಕಣ್ಣಿನ ನಡುವೆ ಒಂದು ಕಣ್ಣಿಗಿಂತ ಜಾಸ್ತಿ ಜಾಗ ಇದೆ. ನಾನು ಇಷ್ಟು ದಿನ ಸುಮ್ನೆ ಹತ್ತಿರ ತರುತ್ತಿದ್ದೆ!

ತಲೆ ತಗ್ಗಿಸಿದ ಪ್ಯಾನೆಲ್ ಮಾತ್ರ ಬಹಳ ಕಾಡಿತು. ಆಗ ಕಿವಿ ಕಣ್ಣಿಗಿಂತ ಮೇಲೆ ಕಾಣಬೇಕು, ಹಣೆ ದೊಡ್ಡದಾಗಬೇಕು, ಗದ್ದ ಗಿಡ್ಡ ಆಗಬೇಕು. ನಾನು ಎದುರಿನ ಮುಖವನ್ನೇ ಕೆಳಗೆ ಸರಿಸಿಬಿಟ್ಟಿದ್ದೆ.

ಕೊನೆಗೆ ಎಲ್ಲ ತಲೆಗಳನ್ನೂ ಒಂದೇ ಅಳತೆಗೆ ತಂದು ಸಾಲಾಗಿ ಇಟ್ಟು, ಕನ್ನಡಿಯಲ್ಲಿ ನೋಡಿದೆ. ಮೂರು ಬೇರೆ ಯಾರೋ. ಅವನ್ನಷ್ಟೇ ಮತ್ತೆ ಬಿಡಿಸಿದೆ.